ಪಡ್ಡು ಹೊರಗೆ ಕಪ್ಪು, ಒಳಗೆ ಹಸಿ: ನನ್ನ ಅನುಭವ

ನಮ್ಮ ಮನೆಯ ಪಡ್ಡಿನ ಹಂಚು ಬೀಡಿನದು, 7 ಗುಳಿ. ಪಡ್ಡು ಹೊರಗೆ ಕರಕಲಾಗಿ ಒಳಗೆ ಹಿಟ್ಟು ಹಸಿಯಾಗೇ ಉಳಿಯುತ್ತಿತ್ತು. ಎಣ್ಣೆ ಜಾಸ್ತಿ ಹಾಕಿ ಅಂದರು ಪಕ್ಕದ ಮನೆ ಆಂಟಿ. ಹಾಕಿದರೆ ಪಡ್ಡು ಎಣ್ಣೆ ಕುಡಿಯಿತೇ ಹೊರತು ಒಳಗೆ ಬೇಯಲಿಲ್ಲ. ತೊಂದರೆ ಇದ್ದದ್ದು ಉರಿಯಲ್ಲಿ. ಜೋರು ಉರಿಗೆ ತಳ ಬೇಗ ಕೆಂಪಾಗುತ್ತದೆ, ನಡುವಿನ ತನಕ ಬಿಸಿ ಹೋಗಲು ಸಮಯವೇ ಸಿಗುವುದಿಲ್ಲ.

ಈಗ ಹಂಚನ್ನು ಮಧ್ಯಮ ಉರಿಯಲ್ಲೇ ಕಾಯಿಸುತ್ತೇನೆ. ನೀರು ಚಿಮುಕಿಸಿದರೆ ಚುರ್ ಅಂದು ಆರಬೇಕು. ಗುಳಿಗೆ ನಾಲ್ಕೈದು ಹನಿ ಎಣ್ಣೆ ಬಿಟ್ಟು, ಈರುಳ್ಳಿ ತುಂಡಿನಿಂದ ಅಂಚಿನವರೆಗೂ ಸವರಿದರೆ ಸಾಕು. ಅಂಚಿಗೆ ಎಣ್ಣೆ ತಾಗದಿದ್ದರೆ ಪಡ್ಡು ಅಲ್ಲೇ ಹಿಡಿಯುತ್ತದೆ.

ಹಿಟ್ಟು ಗುಳಿಯ ಮುಕ್ಕಾಲು ಭಾಗ ಮಾತ್ರ. ಹುದುಗಿದ ಹಿಟ್ಟು ಉಬ್ಬುತ್ತದೆ. ತುಂಬಾ ಹಾಕಿದರೆ ಪಕ್ಕದ ಗುಳಿಗೆ ಹರಿದು ಅಂಟಿಕೊಂಡು, ತಿರುವುವಾಗ ಪಡ್ಡು ಕಿತ್ತುಹೋಗುತ್ತದೆ.

ಮುಚ್ಚಳ ಮುಚ್ಚಿ ಎರಡು ಮೂರು ನಿಮಿಷ. ಗಡಿಯಾರಕ್ಕಿಂತ ಕಣ್ಣನ್ನು ನಂಬಿ: ಅಂಚು ಬಿಟ್ಟುಕೊಂಡು, ಮೇಲಿನ ಹಸಿ ಹೊಳಪು ಹೋಗಿ, ನಡುವೆ ಸ್ವಲ್ಪ ಮಾತ್ರ ತೇವ ಉಳಿದಿರಬೇಕು. ಕಡ್ಡಿ ಆಡಿಸಿದಾಗ ಬರದಿದ್ದರೆ ಎಬ್ಬಬೇಡಿ, ಅರ್ಧ ನಿಮಿಷ ಬಿಡಿ. ತಿರುವಿದ ಮೇಲೆ ಮುಚ್ಚಳ ಬೇಡ, ಗರಿ ಹೋಗುತ್ತದೆ. ಇನ್ನೆರಡು ನಿಮಿಷ ಸಾಕು.

ನಮ್ಮ ಒಲೆಯಲ್ಲಿ ನಡುವಿನ ಗುಳಿ ಮೊದಲು ಬೇಯುತ್ತದೆ. ಹಾಗಾಗಿ ಹಿಟ್ಟನ್ನು ಸುತ್ತಲಿನ ಗುಳಿಗಳಿಗೆ ಮೊದಲು ಹಾಕಿ, ನಡುವಿನದಕ್ಕೆ ಕೊನೆಗೆ ಹಾಕುತ್ತೇನೆ. ತೆಗೆಯುವಾಗ ಅದೇ ಮೊದಲು.