ಪೋಲ್ಕಿ ಹಾರದ ಎಸ್ಟಿಮೇಟ್ ಓದಿದ ಬಗೆ

ಕಲಬುರಗಿಯ ಸರಾಫ ಬಜಾರಿನಲ್ಲಿ ಹಳೆಯ ಒಡವೆಗಳ ದುರಸ್ತಿ ಮಾಡುವುದು, ತೂಕ ಮತ್ತು ಒರೆ ನೋಡಿ ಬೆಲೆ ಹೇಳುವುದು ನನ್ನ ಕಸುಬು. ನಿಜಾಮರ ಕಾಲದಿಂದಲೂ ನಮ್ಮ ಭಾಗದವರ ಕಣ್ಣು ಹೈದರಾಬಾದಿನ ಒಡವೆಗಳ ಮೇಲಿರುವುದರಿಂದ, ಮದುವೆಯ ಕಾಲದಲ್ಲಿ ಅಲ್ಲಿಂದಲೋ ಬೇರೆ ಊರಿನಿಂದಲೋ ತಂದ ಎಸ್ಟಿಮೇಟ್ ಚೀಟಿಗಳನ್ನು ಹಿಡಿದು ಜನ ನನ್ನಲ್ಲಿಗೆ ಬರುತ್ತಾರೆ. ಹೀಗೆಯೇ ಆಳಂದ ಕಡೆಯ ಒಂದು ಕುಟುಂಬದವರು ಮಗಳ ಮದುವೆಗೆಂದು ನೋಡಿದ ಪೋಲ್ಕಿ ಹಾರದ ಚೀಟಿ ತಂದರು. ಹುಡುಗಿಯ ತಾಯಿ ಕೇಳಿದ್ದು ಇಷ್ಟೇ: "ಅಣ್ಣಾ, ಇದರಾಗ ಬಂಗಾರ ಎಷ್ಟು ಅದ, ಹರಳು ಎಷ್ಟು ಅದ, ಅದೊಂದು ಬಿಡಿಸಿ ಹೇಳ್ರಿ." ಚೀಟಿಯ ಮೇಲಿನ ಅಂಕಿಗಳಿಂದ ಅದಕ್ಕೆ ಪೂರ್ತಿ ಉತ್ತರ ಸಿಗುವಂತಿರಲಿಲ್ಲ. ಆದ್ದರಿಂದ ಅವರ ಜೊತೆ ನಾನೇ ಆ ಅಂಗಡಿಗೆ ಹೋದೆ.

ಲೆಕ್ಕಕ್ಕೆ ಇಳಿಯುವ ಮೊದಲು ಹಾರ ಹೇಗೆ ತಯಾರಾಗುತ್ತದೆ ಎಂಬುದನ್ನು ಹೇಳಬೇಕು, ಏಕೆಂದರೆ ಬೆಲೆಯ ಗೊಂದಲವೆಲ್ಲ ಹುಟ್ಟುವುದು ಅಲ್ಲಿಯೇ. ಜಡಾವು ಎಂಬುದು ಒಡವೆ ಕಟ್ಟುವ ವಿಧಾನ. ಮೊದಲು ತೆಳುವಾದ ಚಿನ್ನದ ತಗಡಿನಿಂದ ಒಳಗೆ ಟೊಳ್ಳಾಗಿರುವ ಚೌಕಟ್ಟನ್ನು ಮಾಡುತ್ತಾರೆ. ಇದಕ್ಕೆ ಕಾರಿಗರರು ಘಾಟ್ ಎನ್ನುತ್ತಾರೆ. ಹಿಂಬದಿಗೆ ಮೀನಾ ಬಣ್ಣವಿದ್ದರೆ ಅದನ್ನು ಬೆಂಕಿಯಲ್ಲಿ ಕೂಡಿಸುತ್ತಾರೆ. ಬಳಿಕ ಟೊಳ್ಳಿನಲ್ಲಿ ಅರಗು ತುಂಬಿ, ಹರಳು ಕೂರುವ ಗುಂಡಿಯಲ್ಲಿ ಹೊಳೆಯುವ ಬೆಳ್ಳಿಯ ತೆಳು ರೇಕು ಹಾಸಿ, ಅದರ ಮೇಲೆ ಹರಳನ್ನು ಇಡುತ್ತಾರೆ. ಹರಳಿನ ಸುತ್ತಲಿನ ಸಂದಿಗೆ ಅಪ್ಪಟ ಚಿನ್ನದ ಎಳೆಯಷ್ಟು ತೆಳ್ಳಗಿನ ಪಟ್ಟಿಗಳನ್ನು ಉಕ್ಕಿನ ಸಲಾಕೆಯಿಂದ ಒತ್ತುತ್ತಾ ಹೋಗುತ್ತಾರೆ. ಈ ಅಪ್ಪಟ ಚಿನ್ನವೇ ಕುಂದನ್. ಇಲ್ಲಿ ಬೆಸುಗೆಯಿಲ್ಲ, ಬೆಂಕಿಯಿಲ್ಲ. ಶುದ್ಧ ಚಿನ್ನ ತುಂಬ ಮೃದುವಾಗಿರುವುದರಿಂದ ಒತ್ತಡಕ್ಕೇ ಪದರಕ್ಕೆ ಪದರ ಕೂಡಿಕೊಳ್ಳುತ್ತದೆ. ಬೀದರಿನ ಬಿದ್ರಿ ಕೆಲಸಗಾರರು ಕೊರೆದ ಗೀರಿನಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವುದನ್ನು ಕಂಡವರಿಗೆ ಈ ಕೈಕೆಲಸದ ಸ್ವಭಾವ ಥಟ್ಟನೆ ತಿಳಿಯುತ್ತದೆ.

ಪೋಲ್ಕಿ ಎನ್ನುವುದು ಹರಳು. ಅದು ವಜ್ರವೇ, ಆದರೆ ಇಂದಿನ ವಜ್ರಗಳಂತೆ ಮುಖಗಳನ್ನು ಲೆಕ್ಕ ಹಾಕಿ ಕತ್ತರಿಸಿದ್ದಲ್ಲ. ಸಹಜ ವಜ್ರವನ್ನು ಚಪ್ಪಟೆಯಾಗಿ ಸೀಳಿ, ಮೇಲ್ಮೈಗೆ ಅಲ್ಪಸ್ವಲ್ಪ ಹೊಳಪು ಕೊಟ್ಟಿರುತ್ತಾರೆ. ಹೀಗಾಗಿ ಒಂದೇ ಹಾರವು ಜಡಾವು, ಕುಂದನ್, ಪೋಲ್ಕಿ ಮೂರೂ ಆಗಿರಬಹುದು. ಆದರೆ ಅಂಗಡಿಯಲ್ಲಿ "ಕುಂದನ್ ಸೆಟ್" ಎಂದು ತೋರಿಸುವುದರಲ್ಲಿ ಬಹುಪಾಲು ಗಾಜಿನ ಹರಳೇ ಇರುತ್ತದೆ. ಅಂಥದ್ದರಲ್ಲಿ ನ್ಯಾಯವಾದ ಬೆಲೆ ಎಂದರೆ ಒಳಗಿನ ಚಿನ್ನದ ಬೆಲೆ ಮತ್ತು ಮಜೂರಿ. ಹರಳಿಗೆ ಕೊಡಬೇಕಾದದ್ದು ಹೆಚ್ಚೇನೂ ಇಲ್ಲ. ಪೋಲ್ಕಿಯಾದರೆ ಮಾತ್ರ ಹರಳಿನ ಬೆಲೆ ಚಿನ್ನದ ಬೆಲೆಗೆ ಸರಿಸಮವಾಗಿ ನಿಲ್ಲುತ್ತದೆ, ಕೆಲವೊಮ್ಮೆ ಅದನ್ನೂ ಮೀರುತ್ತದೆ.

ಇನ್ನು ಚೀಟಿಯ ವಿಷಯ. ಚಿನ್ನದ ದರ ದಿನವೂ ಬದಲಾಗುವುದರಿಂದ ಇಲ್ಲಿ ಅಪ್ಪಟ ಚಿನ್ನಕ್ಕೆ ಗ್ರಾಮಿಗೆ 10,000 ರೂಪಾಯಿ, 22 ಕ್ಯಾರೆಟ್‌ಗೆ 9,160 ರೂಪಾಯಿ ಎಂದು ಇಟ್ಟುಕೊಂಡು ಲೆಕ್ಕ ಬರೆಯುತ್ತೇನೆ. ಹಾರದ ಒಟ್ಟು ತೂಕ 80 ಗ್ರಾಮ್. ಅದರಲ್ಲಿ ಮುತ್ತು ಮತ್ತು ಹಸಿರು ಮಣಿಗಳು 15.2 ಗ್ರಾಮ್, ಪೋಲ್ಕಿ 24 ಕ್ಯಾರೆಟ್. ಹರಳಿನ ಒಂದು ಕ್ಯಾರೆಟ್ ಎಂದರೆ 0.2 ಗ್ರಾಮ್ ಆದ್ದರಿಂದ ಪೋಲ್ಕಿಯ ತೂಕ 4.8 ಗ್ರಾಮ್. ಇವೆರಡನ್ನೂ ಕಳೆದು ಉಳಿದ 60 ಗ್ರಾಮನ್ನು ಅಂಗಡಿಯವರು 22 ಕ್ಯಾರೆಟ್ ಚಿನ್ನ ಎಂದು ಹಿಡಿದು 5,49,600 ಬರೆದಿದ್ದರು. ಪೋಲ್ಕಿಗೆ ಕ್ಯಾರೆಟ್‌ಗೆ 22,000ದಂತೆ 5,28,000, ಮಣಿ-ಮುತ್ತಿಗೆ 40,000, ಮಜೂರಿ ಗ್ರಾಮಿಗೆ 1,500ರಂತೆ 90,000. ಎಲ್ಲ ಕೂಡಿ 12,07,600. ಶೇಕಡಾ 3ರ ಜಿಎಸ್‌ಟಿ ಸೇರಿ 12,43,828.

ಚೀಟಿ ನೋಡಿದೊಡನೆ ನನಗೆ ಎದ್ದು ಕಂಡದ್ದು ಅರಗಿನ ಸಾಲೇ ಇಲ್ಲವೆಂಬುದು. ಜಡಾವು ಕೆಲಸದಲ್ಲಿ ಅರಗು ಇಲ್ಲದಿರುವುದು ಸಾಧ್ಯವಿಲ್ಲ. ಅದನ್ನು ಕಳೆಯದಿದ್ದರೆ ಗಿರಾಕಿ ಅರಗಿಗೆ ಬಂಗಾರದ ದರ ಕೊಟ್ಟಂತಾಗುತ್ತದೆ, ಅದರ ಮೇಲೆ ಮಜೂರಿಯನ್ನೂ ತೆರಿಗೆಯನ್ನೂ ಕೊಟ್ಟಂತಾಗುತ್ತದೆ. ಒಡವೆ ಸಿದ್ಧವಾದ ಮೇಲೆ ಒಳಗಿನ ಅರಗನ್ನು ಬಿಚ್ಚದೆ ತೂಗಲು ಬಾರದು. ಆದರೆ ಕಾರಿಗರನಿಗೆ ಚಿನ್ನ ಕೊಡುವವರು ಖಾಲಿ ಘಾಟ್‌ನ ತೂಕ, ಅರಗು ತುಂಬಿದ ಮೇಲಿನ ತೂಕ, ಕೊಟ್ಟ ಕುಂದನ್ ಚಿನ್ನ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಾರೆ. ಇಲ್ಲದಿದ್ದರೆ ಅವರ ಲೆಕ್ಕವೇ ಕೂಡುವುದಿಲ್ಲ. ನಾನು ಆ ದಾಖಲೆಯನ್ನು ಕೇಳಿದೆ. ಮೊದಲು "ಅದು ಕಾರ್ಖಾನೆಯಲ್ಲಿದೆ" ಎಂದರು, ಕೊನೆಗೆ ಫೋನಿನಲ್ಲಿ ತರಿಸಿದರು. ಘಾಟ್ 45 ಗ್ರಾಮ್, ಕುಂದನ್ 6 ಗ್ರಾಮ್, ಅರಗು 9 ಗ್ರಾಮ್. ಮೂರೂ ಕೂಡಿದರೆ ಸರಿಯಾಗಿ ಆ 60 ಗ್ರಾಮ್ ಬಂತು.

ಮಾರುವವರಿಗೂ ನ್ಯಾಯವಾಗಿ ಸಲ್ಲಬೇಕಾದದ್ದನ್ನು ನಾನು ಬಿಡಲಿಲ್ಲ. ಕುಂದನ್ ಅಪ್ಪಟ ಚಿನ್ನವಾದ್ದರಿಂದ ಆ 6 ಗ್ರಾಮಿಗೆ 10,000ದಂತೆಯೇ 60,000 ಹಾಕಿದೆ. ಘಾಟ್‌ನ 45 ಗ್ರಾಮಿಗೆ 22 ಕ್ಯಾರೆಟ್ ದರದಲ್ಲಿ 4,12,200. ಚಿನ್ನದ ಬಾಬ್ತು 4,72,200ಕ್ಕೆ ಇಳಿಯಿತು.

ಘಾಟ್ ನಿಜವಾಗಿಯೂ 22 ಕ್ಯಾರೆಟ್ಟೇ ಎಂಬುದನ್ನು ನೋಡುವಾಗ ಒಂದು ಎಚ್ಚರ ಬೇಕು. ಅಂಗಡಿಯ ಟೆಸ್ಟಿಂಗ್ ಮಷೀನ್ ಮೇಲ್ಮೈಯನ್ನು ಮಾತ್ರ ಓದುತ್ತದೆ. ಹಾರದ ಮುಂಭಾಗವನ್ನು ಅದರಡಿ ಇಟ್ಟರೆ ಕಿರಣ ಬೀಳುವುದು ಹರಳಿನ ಸುತ್ತಲಿನ ಕುಂದನ್ ಮೇಲೆ, ಆಗ 99ರ ಆಸುಪಾಸಿನ ಸಂಖ್ಯೆ ಕಾಣಿಸುತ್ತದೆ. ನಮ್ಮೆದುರು ಮಾರಾಟಗಾರ ಮಾಡಿದ್ದೂ ಅದನ್ನೇ, ಬಹುಶಃ ಅಭ್ಯಾಸಬಲದಿಂದ. ನಾನು ಹಾರವನ್ನು ಬೋರಲು ಹಾಕಿಸಿ, ಮೀನಾ ಇಲ್ಲದ ಅಂಚನ್ನೂ ದಾರ ಕಟ್ಟುವ ಕೊಂಡಿಯನ್ನೂ ಬೇರೆ ಬೇರೆಯಾಗಿ ತೋರಿಸಿದೆ. ಎರಡು ಕಡೆಯೂ 22 ಕ್ಯಾರೆಟ್‌ಗೆ ತಕ್ಕಂತೆ 91ರ ಮೇಲೆಯೇ ಬಂತು, ಆ ವಿಷಯದಲ್ಲಿ ಅಂಗಡಿಯವರ ಮಾತು ಸರಿಯಾಗಿತ್ತು. 2021ರ ಜೂನ್ 16ರಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾದಾಗ ಕುಂದನ್, ಪೋಲ್ಕಿ, ಜಡಾವು ಒಡವೆಗಳಿಗೆ ವಿನಾಯಿತಿ ಕೊಡಲಾಯಿತು. ಆದ್ದರಿಂದ ಬಳೆ, ಸರಗಳ ಮೇಲೆ ಕಾಣುವ ಆರು ಅಕ್ಷರ-ಅಂಕಿಗಳ ಗುರುತು ಈ ಹಾರದ ಮೇಲೆ ಇಲ್ಲದಿದ್ದರೆ ಅದೊಂದೇ ಕಾರಣಕ್ಕೆ ಅನುಮಾನ ಪಡಬೇಕಿಲ್ಲ, ಆದರೆ ಕೊಳ್ಳುವವರೇ ನಿಂತು ಒರೆ ನೋಡಿಸಿಕೊಳ್ಳಬೇಕು.

ಹರಳಿನ ಪರೀಕ್ಷೆಗೇ ಹೆಚ್ಚು ಹೊತ್ತು ಹಿಡಿಯಿತು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ನಡುವಿನ ದೊಡ್ಡ ಹರಳುಗಳನ್ನು ನೋಡಿದೆ. ಮೇಲ್ಮೈ ತುಸು ಏರುಪೇರಾಗಿತ್ತು, ಒಳಗೆ ಗರಿಯಂಥ ಬಿಳಿ ಬಿರುಕು, ಅಲ್ಲಲ್ಲಿ ಕಪ್ಪು ಚುಕ್ಕೆ, ಒಂದರಂತೆ ಇನ್ನೊಂದು ಇರಲಿಲ್ಲ. ಸಹಜ ಪೋಲ್ಕಿ ಹೀಗೆಯೇ ಇರುತ್ತದೆ. ಆದರೆ ಕೆಳಅಂಚಿನಲ್ಲಿ ಸಾಲಾಗಿ ಕೂರಿಸಿದ್ದ ಸಣ್ಣ ಹರಳುಗಳು ಒಂದೇ ಅಚ್ಚಿನಿಂದ ಬಂದವುಗಳಂತಿದ್ದವು, ಅಂಚುಗಳು ಸವೆದಂತೆ ದುಂಡಗಿದ್ದವು. ಅವುಗಳಲ್ಲೊಂದರೊಳಗೆ ಸ್ಪಷ್ಟವಾದ ಗುಂಡು ಗುಳ್ಳೆ ಕಂಡಿತು. ಗುಂಡು ಗುಳ್ಳೆ ಗಾಜಿನ ಗುರುತು.

ಬಳಿಕ ಡೈಮಂಡ್ ಟೆಸ್ಟರ್ ತೆಗೆದೆ. ಶಾಖವನ್ನು ಹರಳು ಎಷ್ಟು ಬೇಗ ಎಳೆದುಕೊಳ್ಳುತ್ತದೆ ಎಂಬುದನ್ನು ಅದು ಅಳೆಯುತ್ತದೆ. ಸಣ್ಣ ಹರಳಿನ ಮೇಲೆ ಮುಳ್ಳು ತುಸು ಜಾರಿ ಕುಂದನ್ ಚಿನ್ನಕ್ಕೆ ತಗುಲಿದರೂ ಫಲಿತಾಂಶ ಕೆಡುತ್ತದೆ, ಆದ್ದರಿಂದ ಹರಳಿನ ನಟ್ಟನಡುವೆ ನೆಟ್ಟಗೆ ಇಡಬೇಕು. ದೊಡ್ಡ ಹರಳುಗಳೆಲ್ಲವೂ ವಜ್ರವೆಂದು ತೋರಿದವು, ಕೆಳಸಾಲಿನದು ಒಂದೂ ತೋರಲಿಲ್ಲ. ಈ ಉಪಕರಣಕ್ಕೊಂದು ಮಿತಿಯಿದೆ: ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವೂ ವಜ್ರವೇ ಆದ್ದರಿಂದ ಅದನ್ನು ಇದು ಬೇರ್ಪಡಿಸಲಾರದು, ಮಾಯ್ಸನೈಟ್ ಎಂಬ ಹರಳೂ ಇದರಲ್ಲಿ ವಜ್ರದಂತೆಯೇ ಪಾರಾಗುತ್ತದೆ. ಬೆಳೆಸಿದ ಪೋಲ್ಕಿ ಸಹಜ ಪೋಲ್ಕಿಗಿಂತ ಬಹಳ ಅಗ್ಗ. ಕೂರಿಸುವ ಮೊದಲೇ ಬಿಡಿ ಹರಳುಗಳನ್ನು ಲ್ಯಾಬಿಗೆ ಕಳಿಸಿ ಪಡೆದ ಪ್ರಮಾಣಪತ್ರವೇ ಇದಕ್ಕೆ ಗಟ್ಟಿಯಾದ ಉತ್ತರ. ಬೆನ್ನು ಮುಚ್ಚಿ, ರೇಕು ಹಾಸಿದ ಮೇಲೆ ಲ್ಯಾಬಿನವರಿಗೂ ಪರೀಕ್ಷೆ ಕಷ್ಟವಾಗುತ್ತದೆ. ಕ್ಯಾರೆಟ್ ತೂಕಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅಗಲವಾಗಿ ಕಾಣುವ ಹರಳು ಒಳಗೆ ಎಷ್ಟು ದಪ್ಪವಿದೆ ಎಂಬುದು ಮುಚ್ಚಿದ ಕೆಲಸದಲ್ಲಿ ಕಾಣುವುದಿಲ್ಲ.

ಕಾರಿಗರನಿಗೆ ಹರಳು ಕೊಟ್ಟಾಗ ಬರೆದ ಚೀಟಿ ತರಿಸಿ ನೋಡಿದಾಗ ಪೋಲ್ಕಿ 19 ಕ್ಯಾರೆಟ್ ಎಂದೂ ಉಳಿದ 5 ಕ್ಯಾರೆಟ್ ತೂಕ ಕೆಳಸಾಲಿನದೆಂದೂ ತಿಳಿಯಿತು. ಕಾರ್ಖಾನೆಯವರು ಕೂಡಿಸಿ ಬರೆದಿದ್ದಾರೆ ಎಂದು ಅಂಗಡಿಯವರು ಸಮಜಾಯಿಷಿ ಕೊಟ್ಟರು. ಆ 19 ಕ್ಯಾರೆಟ್‌ಗೆ ಅವರ ದರದಲ್ಲೇ 4,18,000 ಆಗುತ್ತದೆ. ಪೋಲ್ಕಿಯ ದರ ಬಿಳುಪು, ಹೊಳಪು, ದಪ್ಪಗಳನ್ನು ಅನುಸರಿಸಿ ಹಲವು ಪಟ್ಟು ವ್ಯತ್ಯಾಸವಾಗುವುದರಿಂದ, ಅದೇ ಗುಣದ ಹರಳಿಗೆ ಇನ್ನೆರಡು ಅಂಗಡಿಗಳಲ್ಲಿ ದರ ಕೇಳಿ ಬರಲು ಹೇಳಿದೆ. ಅಂತರ ದೊಡ್ಡದಿರಲಿಲ್ಲ, ಹಾಗಾಗಿ 22,000ವನ್ನು ನಾನು ಒಪ್ಪಿಕೊಂಡೆ.

ಮಜೂರಿಯನ್ನು ಕಡಿಮೆ ಮಾಡಿಸಲು ನಾನು ಹೋಗಲಿಲ್ಲ. ಕುಂದನ್ ಒತ್ತುವ ಕಾರಿಗರನ ಕೂಲಿ ನಿಜವಾದ ಕೂಲಿ, ಒಂದೊಂದು ಹರಳಿಗೂ ಕಣ್ಣು ಕೀಲಿಸಿ ಕೂರಬೇಕು. ಆದರೆ ಅರಗಿಗೆ ಮಜೂರಿ ಇಲ್ಲ. 51 ಗ್ರಾಮಿಗೆ 1,500ರಂತೆ 76,500. ಮಣಿ-ಮುತ್ತಿನ 40,000 ಸೇರಿ ಒಟ್ಟು 10,06,700. ತೆರಿಗೆ ಕೂಡಿ 10,36,901. ಮೊದಲ ಚೀಟಿಗೂ ಇದಕ್ಕೂ ಎರಡು ಲಕ್ಷಕ್ಕಿಂತ ಹೆಚ್ಚಿನ ಅಂತರ.

ಅಂಗಡಿಯವರು ಅರಗನ್ನೂ ಕೆಳಸಾಲನ್ನೂ ಬಿಟ್ಟುಕೊಟ್ಟು ಈ ಮೊತ್ತಕ್ಕೇ ಒಪ್ಪಿದರು. ಆದರೆ ಬಿಲ್ ಬರೆಸುವಾಗ ನಾನು ಹಟ ಹಿಡಿದದ್ದು ತೂಕಗಳ ವಿಷಯದಲ್ಲಿ: ಘಾಟ್, ಕುಂದನ್, ಅರಗು, ಪೋಲ್ಕಿ, ಗಾಜು, ಮಣಿ-ಮುತ್ತು ಪ್ರತಿಯೊಂದೂ ಬೇರೆ ಬೇರೆ ಸಾಲಿನಲ್ಲಿ ಇರಬೇಕೆಂದೆ. ಮುಂದೊಂದು ದಿನ ಈ ಹಾರ ಮಾರಲು ಬಂದರೆ ಬಿಚ್ಚಿ ಕಾಸುವಾಗ ಅರಗು ಹೊಗೆಯಾಗಿ ಹೋಗುತ್ತದೆ, ಬೆಳ್ಳಿಯ ರೇಕು ಕಪ್ಪಿಟ್ಟಿರುತ್ತದೆ, ಮಜೂರಿ ಮರಳಿ ಬರುವುದಿಲ್ಲ; ಉಳಿಯುವುದು 51 ಗ್ರಾಮ್ ಚಿನ್ನ ಮತ್ತು 19 ಕ್ಯಾರೆಟ್ ಪೋಲ್ಕಿ, ಜೊತೆಗೆ ಮಣಿ-ಮುತ್ತು. ಚಿನ್ನವನ್ನು ಆ ದಿನದ ದರಕ್ಕೂ, ಪೋಲ್ಕಿಯನ್ನು ಬಿಲ್ಲಿನ ಬೆಲೆಯ ಶೇಕಡಾ ಎಷ್ಟಕ್ಕೆ ಮರಳಿ ತೆಗೆದುಕೊಳ್ಳುತ್ತಾರೆ ಎಂಬುದನ್ನೂ ಅದೇ ಬಿಲ್ಲಿನ ಕೆಳಗೆ ಸಹಿಯೊಂದಿಗೆ ಬರೆಸಿಕೊಂಡ ಮೇಲೆ ಹುಡುಗಿಯ ತಂದೆ ಹಣ ಕಟ್ಟಿದರು.