ಬಾಟಲಿ ಕೆಟ್ಟಿತ್ತೋ, ನಿಂಬೆ ಕೆಡಿಸಿತೋ?

ಕೆನೆ ಬೆರೆಸಿದ ಸಿಹಿ ಮದ್ಯ ಕ್ರೀಮ್ ಲಿಕರನ್ನು ಅರ್ಧ ಬಾಟಲಿ ಸುಮ್ನೆ ಸಿಂಕಿಗೆ ಸುರಿದವನು ನಾನು. ಕಾಕ್‌ಟೇಲ್ ಮಾಡುತ್ತಾ ಅದಕ್ಕೆ ನಿಂಬೆ ಹಿಂಡಿದ್ದೆ. ನೋಡುತ್ತಿದ್ದಂತೆ ಗ್ಲಾಸಿನ ತುಂಬಾ ಬಿಳಿ ಗಂಟುಗಳು. ಬಾಟಲಿಯೇ ಹಾಳಾಗಿದೆ ಅಂದುಕೊಂಡೆ. ಹೊಸ ಬಾಟಲಿ ತಂದೆ, ಅದೂ ಹಾಗೇ ಒಡೆಯಿತು. ಆಗ ತಪ್ಪು ಯಾರದು ಅಂತ ಗೊತ್ತಾಯಿತು.

ಆಮೇಲೆ ಕೂತು ಪರೀಕ್ಷೆ ಮಾಡಿದೆ. 30 ಮಿಲಿ ಲಿಕರಿಗೆ ಅರ್ಧ ಟೀ ಚಮಚ ನಿಂಬೆರಸ ಹಾಕಿದಾಗ ಸ್ವಲ್ಪ ಮಂದವಾಯಿತು, ಅಷ್ಟೇ. ಒಂದು ಚಮಚ ತುಂಬುವಷ್ಟರಲ್ಲಿ ಗಂಟು ಕಟ್ಟಿ, ಸುತ್ತ ತಿಳಿನೀರು ಬಿಟ್ಟಿತು. ಹಾಲು ಒಡೆದ ಹಾಗೇ, ಕಾರಣವೂ ಅದೇ. ಕೆನೆಯ ಕೊಬ್ಬನ್ನು ಸಣ್ಣ ಸಣ್ಣ ಹನಿಗಳಾಗಿ ತೇಲಿಸಿ ಹಿಡಿದಿರುವುದು ಕೇಸೀನ್ ಎಂಬ ಹಾಲಿನ ಪ್ರೋಟೀನ್. ಅದರ ಕಣಗಳು ಒಂದನ್ನೊಂದು ದೂರ ತಳ್ಳುತ್ತಿರುವವರೆಗೆ ಎಲ್ಲ ನುಣುಪು. ಹುಳಿ ಬಿದ್ದು ಪಿಎಚ್ 4.6ರ ಹತ್ತಿರ ಬಂದರೆ ಆ ತಳ್ಳಾಟ ನಿಂತು, ಕೇಸೀನ್ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ನಿಂಬೆರಸದ ಪಿಎಚ್ 2ರಿಂದ 3ರ ನಡುವೆ. ಇನ್ನೇನಾಗಬೇಕು? ಹೀಗೆ ಒಡೆದದ್ದು ಕುಡಿದರೆ ಅಪಾಯವಿಲ್ಲ, ಬಾಯಿಗೆ ಮಾತ್ರ ಚೆನ್ನಾಗಿರಲ್ಲ. ಕೋಲಾ, ಟಾನಿಕ್ ವಾಟರ್ ಕೂಡ ಹುಳಿಯೇ, ಜೊತೆಗೆ ಬೆರೆಸಬೇಡಿ. ಕಾಫಿ ಅಷ್ಟು ಹುಳಿಯಲ್ಲ. ಆದರೂ ಹುಳಿ ಜಾಸ್ತಿ ಇರುವ, ಕುದಿಯುವಷ್ಟು ಬಿಸಿಯ ಕಾಫಿಯಲ್ಲಿ ಹಳೇ ಬಾಟಲಿಯದು ಒಡೆಯಬಹುದು. ಅದಕ್ಕೇ ನಾನು ಕಾಫಿಯನ್ನು ಒಂದೆರಡು ನಿಮಿಷ ಆರಲು ಬಿಡುತ್ತೇನೆ.

ಇನ್ನು ತೆರೆದ ಬಾಟಲಿ ಎಷ್ಟು ದಿನ ಇರುತ್ತದೆ? ಸಾಮಾನ್ಯವಾಗಿ ಇದರಲ್ಲಿ 17% ಆಲ್ಕೋಹಾಲ್ ಇರುತ್ತದೆ. ಸಕ್ಕರೆಯೂ ಧಾರಾಳ. ಹಾಗಾಗಿ ಕೆನೆ ಇದ್ದರೂ ಹಾಲಿನಂತೆ ಎರಡು ದಿನಕ್ಕೆ ಕೆಡಲ್ಲ. ಕ್ರೀಮ್ ಲಿಕರ್ ಮಾಡುವ ಬೇಲೀಸ್‌ನವರು ತಯಾರಾದ ದಿನದಿಂದ 2 ವರ್ಷ ರುಚಿ ಉಳಿಯುತ್ತದೆ ಅನ್ನುತ್ತಾರೆ. ತೆರೆದಿರಲಿ, ತೆರೆಯದಿರಲಿ, 0ರಿಂದ 25 ಡಿಗ್ರಿಯ ಒಳಗೆ ಇಟ್ಟರೆ. ಕೆಲವು ಬ್ರ್ಯಾಂಡುಗಳು ತೆರೆದ ಮೇಲೆ ಆರೇ ತಿಂಗಳು ಎನ್ನುತ್ತವೆ, ಲೇಬಲ್ ಓದಿ. ನಾನಂತೂ ತೆರೆದ ದಿನವನ್ನು ಮಾರ್ಕರಿನಲ್ಲಿ ಬಾಟಲಿ ಮೇಲೆ ಬರೆದು ಫ್ರಿಜ್‌ನಲ್ಲಿಡುತ್ತೇನೆ. ಆರು ತಿಂಗಳೊಳಗೆ ಮುಗಿಸುತ್ತೇನೆ, ಅದೇನೂ ಕಷ್ಟವಲ್ಲ! ಮನೆಯಲ್ಲಿ ಮಾಡಿದ್ದಕ್ಕೆ ಈ ಲೆಕ್ಕ ಬೇಡ. ಅದನ್ನು ಫ್ರಿಜ್‌ನಲ್ಲಿಟ್ಟು ಒಂದು ವಾರದಲ್ಲಿ ಖಾಲಿ ಮಾಡಿ.

ಹಳೇ ಬಾಟಲಿಯನ್ನು ಹೀಗೆ ನೋಡುತ್ತೇನೆ. ಮೊದಲು ಕುತ್ತಿಗೆಯಲ್ಲಿ ಗಟ್ಟಿ ಕೆನೆ ಮೆತ್ತಿದೆಯಾ ಅಂತ. ಬರೀ ತೆಳು ಉಂಗುರವಿದ್ದು, ಅಲ್ಲಾಡಿಸಿದರೆ ಕರಗಿದರೆ ಪರವಾಗಿಲ್ಲ. ಆಮೇಲೆ ಖಾಲಿ ಗ್ಲಾಸಿಗೆ ಒಂದು ಚಮಚ ಸುರಿದು ಓರೆ ಮಾಡುತ್ತೇನೆ. ಗಾಜಿನ ಮೇಲೆ ಪುಡಿ ಪುಡಿ ಕಂಡರೆ, ಹಳೇ ಎಣ್ಣೆಯ ಇಲ್ಲವೇ ಹುಳಿ ವಾಸನೆ ಬಂದರೆ, ಚೆಲ್ಲುತ್ತೇನೆ. ಈಗ ಚೆಲ್ಲುವಾಗ ಪಕ್ಕದಲ್ಲಿ ನಿಂಬೆ ಇರಲ್ಲ.