ವಕೀಲರ ಮಾತು ಒಂದು ಹಾಳೆಗೆ ಇಳಿಸುವುದು

ವಿಜಯಪುರದಲ್ಲಿ ನಾನು ಜೂನಿಯರ್ ವಕೀಲ. ಕಕ್ಷಿದಾರರು ಸೀನಿಯರ್ ಜೊತೆ ಕೂತು ಮಾತಾಡುವಾಗ, ಅವರ ಒಪ್ಪಿಗೆ ಕೇಳಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುತ್ತೇನೆ. ಆಮೇಲೆ ಕೇಳಿಸಿಕೊಂಡು ಒಂದು ಹಾಳೆ ಬರೆದು ಅವರ ಕೈಗೆ ಕೊಡುತ್ತೇನೆ.

ಒಂದು ಪ್ರಕರಣ ಹೇಳುತ್ತೇನೆ. ತಿಕೋಟಾ ಕಡೆಯ ರೈತರೊಬ್ಬರು ಸಾಂಗ್ಲಿ ಜಿಲ್ಲೆಯ ತಾಸಗಾಂವದ ವ್ಯಾಪಾರಿಗೆ ಒಣದ್ರಾಕ್ಷಿ ಮಾರಿದ್ದರು. ವ್ಯಾಪಾರಿ ಕೊಟ್ಟ 2,40,000 ರೂಪಾಯಿ ಚೆಕ್ ಬೌನ್ಸ್ ಆಯಿತು. ಅವರ ಮೊದಲ ಪ್ರಶ್ನೆ, "ಸಾಹೇಬ್ರ, ಕೇಸ್ ಹಾಕಾಕ ಸಾಂಗ್ಲಿಗೆ ಹೋಗಬೇಕೇನ್ರಿ?" ಬೇಡ. ಚೆಕ್ಕನ್ನು ಅವರು ತಮ್ಮ ಖಾತೆಗೆ ಹಾಕಿದ್ದರು. ಚೆಕ್ ಬೌನ್ಸ್‌ಗೆ ಅನ್ವಯಿಸುವ ನೆಗೋಶಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 2015ರ ತಿದ್ದುಪಡಿ ಪ್ರಕಾರ ಆ ಖಾತೆಯ ಶಾಖೆ ಇರುವ ಊರಿನ ಕೋರ್ಟಿನಲ್ಲೇ ದೂರು ನಡೆಯುತ್ತದೆ.

ನಾನು ಮಾತಿನ ಕ್ರಮದಲ್ಲಿ ಬರೆಯುವುದಿಲ್ಲ. ಗಡುವು ಮೊದಲು. ಹಣ ಕೊಡಿ ಎಂದು ಚೆಕ್ ಕೊಟ್ಟವರಿಗೆ ಮೊದಲು ನೋಟಿಸ್ ಕಳಿಸಬೇಕು. ಬರೀ "30 ದಿನದೊಳಗೆ ನೋಟಿಸ್" ಅಂತ ಬರೆದರೆ ಜನ ಚೆಕ್ ಮೇಲಿನ ತಾರೀಖಿನಿಂದ ಎಣಿಸುತ್ತಾರೆ. ಎಣಿಸಬೇಕಾದದ್ದು ಚೆಕ್ ವಾಪಸ್ ಬಂದ ಸುದ್ದಿ ಬ್ಯಾಂಕಿನಿಂದ ಸಿಕ್ಕ ದಿನದಿಂದ. ಇವರಿಗೆ ಆ ಸುದ್ದಿಯ ಬ್ಯಾಂಕ್ ಮೆಮೊ ಸಿಕ್ಕಿದ್ದು ಜುಲೈ 3ಕ್ಕೆ. ಹಾಗಾಗಿ "ನೋಟಿಸ್ ಕಳಿಸಲು ಕೊನೆಯ ದಿನ ಆಗಸ್ಟ್ 2" ಎಂದೇ ಬರೆದೆ. ನೋಟಿಸ್ ವ್ಯಾಪಾರಿಗೆ ತಲುಪಿದ್ದು ಜುಲೈ 20. ಹಣ ಕೊಡಲು ಅವನಿಗೆ 15 ದಿನ, ಅಂದರೆ ಆಗಸ್ಟ್ 4ರವರೆಗೆ. ಅದು ಮುಗಿಯುವ ಮೊದಲೇ ದೂರು ಕೊಟ್ಟರೆ ನಿಲ್ಲುವುದಿಲ್ಲ. ಮುಗಿದ ಮೇಲೆ ಒಂದೇ ತಿಂಗಳು. ಹಾಳೆಯ ಮೇಲೆ ಎರಡನೇ ತಾರೀಖು ಸೇರಿಸಿದೆ: ಸೆಪ್ಟೆಂಬರ್ 4. ದೂರು ತಡವಾದರೆ ಕಾರಣ ತೋರಿಸಿ ಕೋರ್ಟನ್ನು ಕೇಳಿಕೊಳ್ಳಬಹುದು, ಆದರೆ ಒಪ್ಪುವುದು ಬಿಡುವುದು ಕೋರ್ಟಿಗೆ ಬಿಟ್ಟದ್ದು.

ತರಬೇಕಾದ ಕಾಗದ ಬರೆಯುವಾಗ "ಅಸಲು" ಅನ್ನುವ ಮಾತಿಗೆ ಅಡಿಗೆರೆ ಹಾಕುತ್ತೇನೆ. ಅಸಲು ಚೆಕ್, ಬ್ಯಾಂಕಿನ ಮೆಮೊ, ತೂಕದ ಚೀಟಿ, ಬಿಲ್. ಹಣ ಬಾಕಿ ಇದೆ ಅಂತ ವ್ಯಾಪಾರಿ ವಾಟ್ಸಾಪ್‌ನಲ್ಲಿ ಒಪ್ಪಿದ್ದನ್ನು ಅಳಿಸದೆ ಅದೇ ಫೋನಿನಲ್ಲಿ ಇಟ್ಟುಕೊಳ್ಳಿ ಅಂತಲೂ ಬರೆದೆ. ಪ್ರಿಂಟ್ ಹಾಜರುಪಡಿಸಲು ಪ್ರಮಾಣಪತ್ರ ಬೇಕಾಗುತ್ತದೆ, ಆಗ ಫೋನ್ ಬೇಕು.

ದಾರಿಗಳು ಮೂರು. ಅದೇ ಕಾಯ್ದೆಯ ಸೆಕ್ಷನ್ 138ರ ದೂರಿನಲ್ಲಿ ಎರಡು ವರ್ಷದವರೆಗೆ ಜೈಲು, ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ ಆಗಬಹುದು. ವಸೂಲಿಗೆ ಸಿವಿಲ್ ದಾವೆಯೂ ಉಂಟು, ಸಾಮಾನ್ಯವಾಗಿ ಮೂರು ವರ್ಷದೊಳಗೆ ಹಾಕಬೇಕು. ಕೇಸ್ ನಡೆಯುವಾಗಲೇ ಲೋಕ ಅದಾಲತ್‌ನಲ್ಲಿ ರಾಜಿಯೂ ಆಗಬಹುದು. ಸೀನಿಯರ್ ಯಾವುದನ್ನು ಸೂಚಿಸಿದರು ಎಂಬುದನ್ನು ಅವರ ಮಾತಿನಲ್ಲೇ ಇಡುತ್ತೇನೆ, ನನ್ನ ಅಭಿಪ್ರಾಯ ಸೇರಿಸುವುದಿಲ್ಲ.

ಖರ್ಚಿನಲ್ಲಿ ಜಗಳ ಜಾಸ್ತಿ. ಅದಕ್ಕೇ ನೋಟಿಸಿಗೆ ಎಷ್ಟು, ದೂರಿಗೆ ಎಷ್ಟು, ಪ್ರತಿ ಹಂತ ಬೇರೆ ಬೇರೆ ಬರೆಯುತ್ತೇನೆ. ಸಿವಿಲ್ ದಾವೆಯ ಕೋರ್ಟ್ ಶುಲ್ಕ ಕೇಳುವ ಮೊತ್ತದ ಮೇಲೆ ಹೋಗುತ್ತದೆ, ಅದು ವಕೀಲರ ಫೀ ಅಲ್ಲ ಎಂದು ಒಂದು ಸಾಲು. ಸೀನಿಯರ್ "ನೋಡೋಣ" ಅಂದಿದ್ದರೆ ನಾನೇ ಮೊತ್ತ ಹಾಕದೆ "ಇನ್ನೂ ತೀರ್ಮಾನವಾಗಿಲ್ಲ" ಎಂದು ಬಿಡುತ್ತೇನೆ.

ಸೀನಿಯರ್ ಓದಿ ಸಹಿ ಹಾಕಿದ ಮೇಲೆಯೇ ಹಾಳೆ ಹೊರಗೆ ಹೋಗುತ್ತದೆ. ರೆಕಾರ್ಡಿಂಗ್ ಮಾತ್ರ ಯಾರಿಗೂ ಕಳಿಸುವುದಿಲ್ಲ.